ಬಿಳಿ ಮುದ್ದೆ, ಬಿರುಕು ಬಿಟ್ಟ ಪದರ: ಸೋಲ್-ಜೆಲ್ ಟೈಟಾನಿಯಾ ಲೇಪ ಎಲ್ಲಿ ಕೈಕೊಡುತ್ತದೆ?

ಪ್ರಶ್ನೆ: ನಾನು ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಗಾಜಿನ ಸ್ಲೈಡ್ ಮೇಲೆ ಟೈಟಾನಿಯಂ ಡೈಆಕ್ಸೈಡ್ ಲೇಪ ಮಾಡುತ್ತಿದ್ದೇನೆ. ಟೈಟಾನಿಯಂ ಐಸೊಪ್ರೊಪಾಕ್ಸೈಡ್‌ಗೆ ಸ್ಪಿರಿಟ್, ನೀರು ಹಾಕಿದ ತಕ್ಷಣ ಬಿಳಿ ಮುದ್ದೆ ಆಗುತ್ತೆ. ಮೇಲೆ ಉಳಿದ ದ್ರವದಲ್ಲಿ ಐದಾರು ಸಲ ಅದ್ದಿ 500 ಡಿಗ್ರಿಯಲ್ಲಿ ಕಾಯಿಸಿದರೆ ಪದರ ಚಕ್ಕೆ ಚಕ್ಕೆಯಾಗಿ ಏಳುತ್ತೆ. ಮಂಗಳೂರಿನ ಮಳೆಗಾಲದಲ್ಲಂತೂ ಕೇಳೋದೇ ಬೇಡ. ತಪ್ಪು ಎಲ್ಲಿ? ಇಷ್ಟು ಕಷ್ಟಪಟ್ಟು ಸೋಲ್-ಜೆಲ್ ದಾರಿಯನ್ನೇ ಯಾಕೆ ಹಿಡಿಯಬೇಕು?

ಉತ್ತರ: ಎರಡು ತೊಂದರೆಗಳನ್ನು ಬೇರೆ ಬೇರೆಯಾಗಿ ನೋಡೋಣ. ಮುದ್ದೆಯಾಗುವುದು ನೀರು ತೀರಾ ಬೇಗ ಒಳಗೆ ಬರುವುದರಿಂದ. ಚಕ್ಕೆ ಏಳುವುದು ಪದರ ತೀರಾ ದಪ್ಪ ಆಗಿರುವುದರಿಂದ. ಮೊದಲನೆಯದನ್ನು ಸರಿ ಮಾಡದೆ ಎರಡನೆಯದು ಸರಿಹೋಗುವುದಿಲ್ಲ. ಹಾಗಾಗಿ ಬೀಕರ್‌ನಿಂದಲೇ ಶುರು ಮಾಡುತ್ತೇನೆ.

ಸೋಲ್-ಜೆಲ್ ಬಗ್ಗೆ ಪಠ್ಯಪುಸ್ತಕಗಳಲ್ಲಿ ಬರುವ ವಿವರಣೆ ಹೆಚ್ಚಾಗಿ ಸಿಲಿಕಾದ್ದು. ಅಲ್ಲಿ ಟಿಇಓಎಸ್ ಎಂಬ ಸಿಲಿಕಾನ್ ಸಂಯುಕ್ತಕ್ಕೆ ನೀರು ಸೇರಿಸುತ್ತಾರೆ, ಆಮ್ಲ ಹಾಕುತ್ತಾರೆ, ನಿಧಾನಕ್ಕೆ ಕಲಕುತ್ತಾರೆ. ಎಲ್ಲವೂ ಸಮಾಧಾನವಾಗಿ ನಡೆಯುತ್ತದೆ. ಆಮ್ಲವನ್ನೋ ಕ್ಷಾರವನ್ನೋ ಹಾಕದೆ ಬಿಟ್ಟರೆ ದಿನಗಟ್ಟಲೆ ಏನೂ ಆಗುವುದಿಲ್ಲ. ಯಾಕೆಂದರೆ ಸಿಲಿಕಾನ್ ಸುತ್ತ ನಾಲ್ಕು ಆಕ್ಸಿಜನ್ ಇದ್ದರೆ ಅದಕ್ಕೆ ಅಷ್ಟು ಸಾಕು. ಟೈಟಾನಿಯಂ ಹಾಗಲ್ಲ. ಐಸೊಪ್ರೊಪಾಕ್ಸೈಡ್‌ನಲ್ಲಿ ಅದರ ಸುತ್ತ ಇರುವುದು ನಾಲ್ಕೇ ಆಕ್ಸಿಜನ್, ಆದರೆ ಅದಕ್ಕೆ ಆರು ಬೇಕು. ಎರಡು ಜಾಗ ಖಾಲಿ. ನೀರಿನ ಅಣು ಹತ್ತಿರ ಬಂದರೆ ಸಾಕು, ಅಲ್ಲೇ ಕೂತುಬಿಡುತ್ತದೆ. ಸಿಲಿಕಾದ ಪಾಕವನ್ನು ಹಾಗೇ ಟೈಟಾನಿಯಾಕ್ಕೆ ಬಳಸಿದವರಿಗೆಲ್ಲ ಮುದ್ದೆಯೇ ಸಿಗುವುದು.

ಒಳಗೆ ನಡೆಯುವುದು ಎರಡು ಕ್ರಿಯೆ. ಮೊದಲು ನೀರು ಬಂದು, ಕೆಳಗೆ OR ಎಂದು ಬರೆದಿರುವ ಆಲ್ಕಾಕ್ಸಿ ಗುಂಪನ್ನು ಕಿತ್ತು ಅದರ ಜಾಗದಲ್ಲಿ OH ಇಡುತ್ತದೆ. ಆಮೇಲೆ ಅಂಥ ಎರಡು ಅಣುಗಳು ಸೇರಿ, ನಡುವಿನ ನೀರನ್ನೋ ಆಲ್ಕೋಹಾಲನ್ನೋ ಹೊರಹಾಕಿ, Ti–O–Ti ಸೇತುವೆ ಕಟ್ಟಿಕೊಳ್ಳುತ್ತವೆ.

```
Ti(OR)4 + H2O      →  Ti(OR)3(OH) + ROH
Ti–OH  + HO–Ti     →  Ti–O–Ti + H2O
```

ಈ ಸೇತುವೆಗಳು ನಿಧಾನವಾಗಿ, ಎಲ್ಲ ಕಡೆ ಸಮನಾಗಿ ಬೆಳೆದರೆ ಕೆಲವೇ ನ್ಯಾನೊಮೀಟರ್ ಗಾತ್ರದ ತುಣುಕುಗಳು ದ್ರವದಲ್ಲಿ ತೇಲುತ್ತಿರುತ್ತವೆ. ಅದು ಸೋಲ್. ಆ ತುಣುಕುಗಳು ಒಂದಕ್ಕೊಂದು ಕೈ ಹಿಡಿದು ಇಡೀ ಪಾತ್ರೆ ತುಂಬ ಜಾಲವಾದರೆ ಜೆಲ್. ಆದರೆ ನೀವು ನೀರನ್ನು ನೇರವಾಗಿ ಸುರಿದರೆ, ಹನಿ ಬಿದ್ದ ಜಾಗದಲ್ಲಿ ಒಂದು ಕ್ಷಣ ನೀರೇ ನೀರು. ಸ್ಟಿರರ್ ಅದನ್ನು ಹರಡುವ ಮೊದಲೇ ಅಲ್ಲಿನ ಟೈಟಾನಿಯಂ ಎಲ್ಲ ಗಟ್ಟಿಯಾಗಿ ಕೆಳಗೆ ಇಳಿದಿರುತ್ತದೆ. ಮುದ್ದೆಯಾದ ಮೇಲೆ ಸುಮ್ನೆ ಕಲಕಿದರೆ ಅದು ಕರಗುವುದಿಲ್ಲ.

ಸ್ಪಿರಿಟ್ ಅಂದಿದ್ದೀರಲ್ಲ, ನನ್ನ ಮೊದಲ ಅನುಮಾನ ಅದರ ಮೇಲೆ. ರೆಕ್ಟಿಫೈಡ್ ಸ್ಪಿರಿಟ್‌ನಲ್ಲಿ ಶೇಕಡ 5ರಷ್ಟು ನೀರಿರುತ್ತದೆ. 20 ಮಿಲೀ ಬಳಸಿದರೆ ನಿಮಗೆ ಗೊತ್ತಿಲ್ಲದೆ ಸುಮಾರು 1 ಮಿಲೀ ನೀರು ಹಾಕಿದ ಹಾಗಾಯಿತು. ಕೆಳಗೆ ಕೊಡುವ ಪಾಕದಲ್ಲಿ ಒಟ್ಟು ಬೇಕಾಗುವ ನೀರೇ ಅಷ್ಟಿಲ್ಲ. ನೀರಿಲ್ಲದ ಎಥನಾಲ್ ತರಿಸಲು ಅಬಕಾರಿ ಪರವಾನಗಿಯ ಗೋಳು ಬೇರೆ. ಅದಕ್ಕೇ ನಾನು ಒಣ ಐಸೊಪ್ರೊಪನಾಲ್ ಬಳಸಿ ಅನ್ನುತ್ತೇನೆ. ಸುಲಭವಾಗಿ ಸಿಗುತ್ತದೆ, ಟೈಟಾನಿಯಂ ಮೇಲಿರುವ ಗುಂಪೂ ಅದೇ ಆದ್ದರಿಂದ ಗುಂಪುಗಳ ಅದಲುಬದಲಿನ ತಲೆನೋವೂ ಇಲ್ಲ.

ಇನ್ನು ಟೈಟಾನಿಯಂನ ಆ ಹಸಿವನ್ನು ಹಿಡಿತಕ್ಕೆ ತರಬೇಕು. ಅದಕ್ಕೆ ಅಸಿಟೈಲ್‌ಅಸಿಟೋನ್. ಈ ಅಣು ತನ್ನ ಎರಡು ಆಕ್ಸಿಜನ್‌ಗಳಿಂದ ಒಂದೇ ಟೈಟಾನಿಯಂ ಅನ್ನು ಎರಡೂ ಕಡೆಯಿಂದ ಹಿಡಿದುಕೊಳ್ಳುತ್ತದೆ. ಹಿಡಿದುಕೊಳ್ಳುವಾಗ ಒಂದು ಐಸೊಪ್ರೊಪಾಕ್ಸಿ ಗುಂಪನ್ನು ಹೊರಗೆ ದೂಡುತ್ತದೆ. ನೀರು ಬಂದರೂ ಇದು ಸುಲಭಕ್ಕೆ ಬಿಡುವುದಿಲ್ಲ. ಉಳಿದ ಮೂರು ಗುಂಪುಗಳು ಮಾತ್ರ ಕ್ರಿಯೆಗೆ ಸಿಗುತ್ತವೆ. ತುಣುಕು ಎಲ್ಲ ದಿಕ್ಕಿಗೂ ಒಟ್ಟಿಗೆ ಬೆಳೆದು ಮುದ್ದೆಯಾಗುವುದು ಹೀಗೆ ತಪ್ಪುತ್ತದೆ.

50 ಮಿಲೀ ಸೋಲ್‌ಗೆ ಲೆಕ್ಕ ಹೀಗಿದೆ. ಚೆನ್ನಾಗಿ ಒಣಗಿಸಿದ ಫ್ಲಾಸ್ಕ್‌ನಲ್ಲಿ ಸುಮಾರು 20 ಮಿಲೀ ಐಸೊಪ್ರೊಪನಾಲ್ ತೆಗೆದುಕೊಳ್ಳಿ. ಅದಕ್ಕೆ 5.9 ಮಿಲೀ ಟೈಟಾನಿಯಂ ಐಸೊಪ್ರೊಪಾಕ್ಸೈಡ್, ಅಂದರೆ 0.02 ಮೋಲ್. ಕಲಕುತ್ತಾ 2.1 ಮಿಲೀ ಅಸಿಟೈಲ್‌ಅಸಿಟೋನ್ ಹನಿಹನಿಯಾಗಿ ಬಿಡಿ. ಇದೂ 0.02 ಮೋಲ್, ಒಂದಕ್ಕೊಂದು. ಫ್ಲಾಸ್ಕ್ ಮುಟ್ಟಿ ನೋಡಿದರೆ ಬೆಚ್ಚಗಾಗಿರುತ್ತದೆ, ದ್ರವ ಹಳದಿ ಬಣ್ಣಕ್ಕೆ ತಿರುಗಿರುತ್ತದೆ. ಇವೆರಡೂ ಕಂಡರೆ ಹಿಡಿತ ಬಿದ್ದಿದೆ ಅಂತ ಅರ್ಥ. ಹದಿನೈದು ನಿಮಿಷ ಹಾಗೇ ಕಲಕಲು ಬಿಡಿ.

ನೀರನ್ನು ಬೇರೆ ಬೀಕರ್‌ನಲ್ಲಿ ತಯಾರು ಮಾಡಿ. 20 ಮಿಲೀ ಐಸೊಪ್ರೊಪನಾಲ್‌ಗೆ 0.7 ಮಿಲೀ ನೀರು, ಎರಡು ಮೂರು ಹನಿ ಹೈಡ್ರೋಕ್ಲೋರಿಕ್ ಆಮ್ಲ. ಒಂದು ಟೈಟಾನಿಯಂಗೆ ಎರಡು ನೀರಿನ ಅಣು ಅನ್ನುವ ಲೆಕ್ಕ ಇದು. ಕೆಲವು ಪಾಕಗಳಲ್ಲಿ ನೈಟ್ರಿಕ್ ಆಮ್ಲ ಬರೆದಿರುತ್ತಾರೆ. ಹನಿಗಳಲ್ಲಿ ಸರಿ, ಆದರೆ ಗಾಢ ನೈಟ್ರಿಕ್ ಆಮ್ಲವನ್ನು ಆಲ್ಕೋಹಾಲ್ ಜೊತೆ ಬೆರೆಸಿ ಮುಚ್ಚಿದ ಬಾಟಲಿಯಲ್ಲಿ ಇಟ್ಟರೆ ಒಳಗೆ ಅನಿಲ ತುಂಬಿ ಬಾಟಲಿ ಸಿಡಿಯಬಹುದು. ಹೊಸಬರಿಗೆ ಹೈಡ್ರೋಕ್ಲೋರಿಕ್ಕೇ ವಾಸಿ. ಈ ನೀರಿನ ಮಿಶ್ರಣವನ್ನು ಬ್ಯುರೆಟ್‌ನಿಂದ ಅರ್ಧ ಗಂಟೆ ತೆಗೆದುಕೊಂಡು ಹನಿಸಿ. ನಂತರ ಐಸೊಪ್ರೊಪನಾಲ್‌ನಿಂದ 50 ಮಿಲೀಗೆ ತಂದು, ಒಂದೆರಡು ಗಂಟೆ ಕಲಕಿ, ಮುಚ್ಚಿದ ಬಾಟಲಿಯಲ್ಲಿ ರಾತ್ರಿಯಿಡೀ ಬಿಡಿ. ಬಳಸುವ ಮೊದಲು ಸಿರಿಂಜ್ ಫಿಲ್ಟರ್‌ನಲ್ಲಿ ಸೋಸಿ.

ಸರಿಯಾದ ಸೋಲ್ ಹಳದಿ, ಆದರೆ ತಿಳಿ. ಬಾಟಲಿಯ ಹಿಂದೆ ಹಿಡಿದ ಅಕ್ಷರ ಸ್ಪಷ್ಟವಾಗಿ ಓದಲು ಬರಬೇಕು. ಕತ್ತಲಲ್ಲಿ ಕೆಂಪು ಲೇಸರ್ ಪಾಯಿಂಟರ್ ಹಾಯಿಸಿದರೆ ತೆಳುವಾದ ಗೆರೆ ಕಾಣುವುದು ಸಹಜ, ತುಣುಕುಗಳು ಬೆಳಕನ್ನು ಚೆದುರಿಸುತ್ತವೆ. ಗೆರೆ ದಪ್ಪಗೆ, ಸುತ್ತೆಲ್ಲ ಮಬ್ಬಾಗಿ ಕಂಡರೆ ತುಣುಕುಗಳು ಗುಂಪುಗಟ್ಟಿವೆ. ಅಂಥದ್ದನ್ನು ಲೇಪಕ್ಕೆ ಬಳಸಬೇಡಿ. ಮುದ್ದೆ ತಳಕ್ಕೆ ಕೂತ ಮೇಲೆ ಮೇಲಿನ ದ್ರವ ಬಗ್ಗಿಸಿಕೊಂಡು ಅದ್ದುವುದಂತೂ ಬೇಡವೇ ಬೇಡ. ಅದರಲ್ಲಿ ಎಷ್ಟು ಟೈಟಾನಿಯಂ ಉಳಿದಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ, ಬಹುಶಃ ಅದಕ್ಕೇ ನೀವು ಐದಾರು ಸಲ ಅದ್ದಬೇಕಾಗಿ ಬಂದದ್ದು.

ಈಗ ಎರಡನೆಯ ತೊಂದರೆಗೆ ಬರೋಣ. ಮೇಲಿನ 50 ಮಿಲೀ ಸೋಲ್‌ನಲ್ಲಿ ಎಷ್ಟು ಆಕ್ಸೈಡ್ ಇದೆ? 0.02 ಮೋಲ್ TiO₂, ಅಂದರೆ 1.6 ಗ್ರಾಂ. ಸಾಂದ್ರತೆ 3.9ರಿಂದ ಭಾಗಿಸಿದರೆ ಸುಮಾರು 0.4 ಮಿಲೀ. 50 ಮಿಲೀ ದ್ರವದಲ್ಲಿ ಗಟ್ಟಿ ಪದಾರ್ಥ ಶೇಕಡ 0.8ರಷ್ಟು ಮಾತ್ರ! ಉಳಿದದ್ದೆಲ್ಲ ಹಾರಿಹೋಗಬೇಕು, ಇಲ್ಲವೇ ಸುಟ್ಟುಹೋಗಬೇಕು. ಸ್ಲೈಡನ್ನು ಸೆಕೆಂಡಿಗೆ 2 ಮಿಲಿಮೀಟರ್ ವೇಗದಲ್ಲಿ ಮೇಲೆತ್ತಿದರೆ ಅದಕ್ಕೆ ಅಂಟಿಕೊಳ್ಳುವ ಒದ್ದೆ ಪದರ ಸುಮಾರು 5 ಮೈಕ್ರಾನ್. ಅದರ ಶೇಕಡ 0.8 ಅಂದರೆ 40 ನ್ಯಾನೊಮೀಟರ್. ಸುಟ್ಟ ಮೇಲೂ ಪದರದಲ್ಲಿ ರಂಧ್ರಗಳು ಉಳಿಯುವುದರಿಂದ ನಿಜವಾದ ದಪ್ಪ 50-60 ನ್ಯಾನೊಮೀಟರ್ ಬರುತ್ತದೆ.

ದಪ್ಪ ಬೇಕಾದರೆ ಬೇಗ ಎತ್ತಿ. ಇದು ಹಲವರಿಗೆ ಉಲ್ಟಾ ಅನ್ನಿಸುತ್ತದೆ. ನಿಧಾನ ಎತ್ತಿದರೆ ದ್ರವಕ್ಕೆ ಕೆಳಗೆ ಇಳಿಯಲು ಸಮಯ ಸಿಗುತ್ತದೆ, ಬೇಗ ಎತ್ತಿದರೆ ಅದು ಗಾಜಿನ ಜೊತೆಗೇ ಬಂದುಬಿಡುತ್ತದೆ. ದಪ್ಪ ವೇಗದ ಮೂರನೇ ಎರಡು ಘಾತದಂತೆ ಏರುತ್ತದೆ. ವೇಗ ದುಪ್ಪಟ್ಟಾದರೆ ದಪ್ಪ 1.6 ಪಟ್ಟು. ಮೋಟಾರ್ ಅಲುಗಾಡಿದರೆ ಪದರದ ಮೇಲೆ ಅಡ್ಡಡ್ಡ ಪಟ್ಟೆಗಳು ಕಾಣುತ್ತವೆ. ಅಕ್ಕಪಕ್ಕದಲ್ಲಿ ವ್ಯಾಕ್ಯೂಮ್ ಪಂಪ್ ಓಡುತ್ತಿದ್ದರೂ ಸಾಕು.

ಸ್ಲೈಡ್ ಮೇಲೇರುವಾಗ ಒಮ್ಮೆ ಹತ್ತಿರದಿಂದ ಗಮನಿಸಿ. ದ್ರವದ ಅಂಚಿನಿಂದ ಸ್ವಲ್ಪ ಮೇಲೆ ಬಣ್ಣಬಣ್ಣದ ತೆಳು ಗೆರೆಗಳು ಕೆಳಕ್ಕೆ ಜಾರುತ್ತಾ ಹೋಗುತ್ತವೆ. ಅಲ್ಲಿ ಆಲ್ಕೋಹಾಲ್ ಹಾರುತ್ತಿದೆ, ತುಣುಕುಗಳು ಒಟ್ಟಾಗುತ್ತಿವೆ, ಸೋಲ್ ಜೆಲ್ ಆಗುತ್ತಿದೆ. ದೊಡ್ಡ ಗಟ್ಟಿಯಲ್ಲಿ ದಿನಗಟ್ಟಲೆ ಹಿಡಿಯುವ ಈ ಬದಲಾವಣೆ ಇಲ್ಲಿ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಮಂಗಳೂರಿನ ಮಳೆಗಾಲ ಅಡ್ಡಬರುವುದು ಇದೇ ಕ್ಷಣಗಳಲ್ಲಿ. ಆಲ್ಕೋಹಾಲ್ ಹಾರುವಾಗ ಗಾಜು ತಣ್ಣಗಾಗುತ್ತದೆ, ತೇವದ ಗಾಳಿಯಿಂದ ನೀರು ಅದರ ಮೇಲೆ ಇಬ್ಬನಿಯಾಗಿ ಕೂರುತ್ತದೆ, ಪದರ ಹಾಲಿನಂತೆ ಬಿಳಿಚಿಕೊಳ್ಳುತ್ತದೆ. ಸಾಪೇಕ್ಷ ಆರ್ದ್ರತೆ ಶೇಕಡ 40ರ ಆಸುಪಾಸಿನಲ್ಲಿರಲಿ. ಎ.ಸಿ. ರೂಮ್ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಅದ್ದುವ ಯಂತ್ರವನ್ನು ಪಾರದರ್ಶಕ ಪೆಟ್ಟಿಗೆಯೊಳಗಿಟ್ಟು ಪಕ್ಕದಲ್ಲಿ ಸಿಲಿಕಾ ಜೆಲ್ ತಟ್ಟೆ ಇಡಿ.

ಬಿರುಕು ಹುಟ್ಟುವುದು ಇದರ ನಂತರ. 5 ಮೈಕ್ರಾನ್ ಇದ್ದದ್ದು ನೂರನೇ ಒಂದು ಭಾಗಕ್ಕೆ ಕುಗ್ಗುತ್ತದೆ. ಉದ್ದಗಲದಲ್ಲಿ ಕುಗ್ಗಲು ಗಾಜು ಬಿಡುವುದಿಲ್ಲ, ಪದರ ಅದಕ್ಕೆ ಅಂಟಿಕೊಂಡಿದೆ. ಹಾಗಾಗಿ ಕುಗ್ಗುವುದೆಲ್ಲ ದಪ್ಪದ ದಿಕ್ಕಿನಲ್ಲಿ, ಉದ್ದಗಲದಲ್ಲಿ ಉಳಿಯುವುದು ಬರೀ ಎಳೆತ. ಒಣಗುವಾಗ ಸಣ್ಣ ರಂಧ್ರಗಳಲ್ಲಿನ ದ್ರವದ ಎಳೆತವೂ ಸೇರುತ್ತದೆ. ರಂಧ್ರದ ತ್ರಿಜ್ಯ 5 ನ್ಯಾನೊಮೀಟರ್ ಇದ್ದರೆ, ಅದರೊಳಗಿನ ಆಲ್ಕೋಹಾಲ್ ಹುಟ್ಟಿಸುವ ಒತ್ತಡ ಸುಮಾರು 9 ಮೆಗಾಪಾಸ್ಕಲ್, ಅಂದರೆ ವಾತಾವರಣದ ಒತ್ತಡದ ತೊಂಬತ್ತು ಪಟ್ಟು. ಅದೇ ಜಾಗದಲ್ಲಿ ನೀರಿದ್ದರೆ ಅದರ ಮೂರು ಪಟ್ಟಿಗೂ ಜಾಸ್ತಿ.

ಹಾಗಾದರೆ ತೆಳು ಪದರ ಯಾಕೆ ಬಿರಿಯುವುದಿಲ್ಲ? ಎಳೆತ ತೆಳು ಪದರದಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆದರೆ ಬಿರುಕು ಓಡಬೇಕಾದರೆ ಹೊಸ ಮೈ ತೆರೆಯಲು ಶಕ್ತಿ ಬೇಕು. ಆ ಶಕ್ತಿ ಬರುವುದು ಪದರದಲ್ಲಿ ಕೂಡಿಟ್ಟ ಎಳೆತದಿಂದ. ಪದರ ತೆಳುವಾದಷ್ಟೂ ಕೂಡಿಟ್ಟದ್ದು ಕಡಿಮೆ. ಒಂದು ಮಿತಿಗಿಂತ ತೆಳುವಾದರೆ ಬಿರುಕಿಗೆ ಮುಂದೆ ಹೋಗಲು ಬೇಕಾದಷ್ಟು ಸಿಗುವುದೇ ಇಲ್ಲ. ಬೇಸಿಗೆಯಲ್ಲಿ ಬತ್ತಿದ ಕೆರೆಯಲ್ಲಿ ದಪ್ಪ ಗೋಡು ಹೆಂಟೆಯಾಗಿ ಸೀಳಿರುತ್ತದೆ, ಅಂಚಿನ ಬಂಡೆ ಮೇಲೆ ತೆಳ್ಳಗೆ ಮೆತ್ತಿದ್ದು ಹಾಗೇ ಇರುತ್ತದೆ ಅಲ್ವಾ, ಹಾಗೆ. ಆಕ್ಸೈಡ್ ಲೇಪಗಳಲ್ಲಿ ಈ ಮಿತಿ ಸಾಮಾನ್ಯವಾಗಿ ಅರ್ಧ ಮೈಕ್ರಾನ್‌ನಿಂದ ಒಂದು ಮೈಕ್ರಾನ್ ಒಳಗೆ ಬರುತ್ತದೆ. ಒಂದೇ ಅದ್ದಿಗೆ ಅದರ ಹತ್ತಿರವೂ ಹೋಗದಿರುವುದು ಕ್ಷೇಮ.

ನೀವು ಮಾಡಿದ್ದು, ನಡುವೆ ಕಾಯಿಸದೆ ಐದಾರು ಸಲ ಅದ್ದಿ ಕೊನೆಗೆ ಒಟ್ಟಿಗೆ ಸುಟ್ಟದ್ದು. ಅಂದರೆ ಎಲ್ಲ ಪದರಗಳೂ ಒಂದೇ ದಪ್ಪ ಪದರವಾಗಿ ಒಮ್ಮೆಗೇ ಕುಗ್ಗಿದವು. ಪ್ರತಿ ಅದ್ದಿನ ನಂತರ 100 ಡಿಗ್ರಿಯಲ್ಲಿ ಹತ್ತು ನಿಮಿಷ, 350 ಡಿಗ್ರಿಯಲ್ಲಿ ಹದಿನೈದು ನಿಮಿಷ ಕಾಯಿಸಿ. ಆ ಪದರ ತನ್ನ ಪಾಲಿನ ಕುಗ್ಗುವಿಕೆಯನ್ನು ಬಹುಮಟ್ಟಿಗೆ ಆಗಲೇ ಮುಗಿಸಿಕೊಳ್ಳಲಿ. ತಣ್ಣಗಾದ ಮೇಲೆ ಮುಂದಿನದು. ಕೊನೆಯಲ್ಲಿ ನಿಮಿಷಕ್ಕೆ ಮೂರು ಡಿಗ್ರಿಯಂತೆ ಏರಿಸಿ 450 ಡಿಗ್ರಿಯಲ್ಲಿ ಒಂದು ಗಂಟೆ ಬಿಡಿ. ಅನಾಟೇಸ್ ಎಂಬ ಟೈಟಾನಿಯಾ ಹರಳು ಮೂಡಲು ಅಷ್ಟು ಸಾಕು. ಅವಸರದಲ್ಲಿ ಏರಿಸಿದರೆ ಅಸಿಟೈಲ್‌ಅಸಿಟೋನ್ ಪೂರ್ತಿ ಸುಡದೆ ಇಂಗಾಲವಾಗಿ ಒಳಗೇ ಸಿಕ್ಕಿಕೊಳ್ಳುತ್ತದೆ. ಪದರದಲ್ಲಿ ಕಂದು ಛಾಯೆ ಕಂಡರೆ ಇದೇ ಕಾರಣ.

ಸುಟ್ಟ ಸ್ಲೈಡನ್ನು ಓರೆಯಾಗಿ ಹಿಡಿದು ಬೆಳಕಿನಲ್ಲಿ ನೋಡಿದರೆ ದಪ್ಪ ತಕ್ಕಮಟ್ಟಿಗೆ ಗೊತ್ತಾಗುತ್ತದೆ. 60 ನ್ಯಾನೊಮೀಟರ್ ಆಸುಪಾಸಿನಲ್ಲಿ ಬೆಳ್ಳಿಯ ಹೊಳಪು, 90-100ಕ್ಕೆ ಚಿನ್ನದ ಹಳದಿ, 120ಕ್ಕೆ ನೇರಳೆ, 140 ದಾಟಿದರೆ ನೀಲಿ. ಒಂದು ಅದ್ದಿಗೆ ಬೆಳ್ಳಿ, ಎರಡಕ್ಕೆ ಹಳದಿ-ನೇರಳೆ ಬಂದರೆ ಲೆಕ್ಕ ಸರಿಯಿದೆ. ಸೂಕ್ಷ್ಮದರ್ಶಕದಲ್ಲಿ ಬಲೆಯಂಥ ಬಿರುಕು ಕಂಡರೆ ಪದರ ದಪ್ಪವಾಗಿದೆ. ಬೆರಳಿಂದ ಒರೆಸಿದರೆ ಪುಡಿ ಬಂದರೆ ಸೋಲ್ ಮುದ್ದೆಗಟ್ಟಿತ್ತು, ಇಲ್ಲವೇ ತೇವ ಹಿಡಿದಿತ್ತು. ಬಿರುಕಿಲ್ಲದೆ ಇಡೀ ತುಂಡೇ ಎದ್ದು ಬಂದರೆ ಗಾಜಿನಲ್ಲಿ ಜಿಡ್ಡಿತ್ತು. ಸ್ಲೈಡಿನ ಕೆಳತುದಿಯಲ್ಲಿ ಹನಿ ನಿಂತ ಕಡೆ ಮಾತ್ರ ಬಿರಿದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಅದು ಎಲ್ಲರಿಗೂ ಆಗುತ್ತದೆ.

ಗಾಜಿನ ಬಗ್ಗೆಯೂ ಒಂದು ಮಾತು. ಸಾಮಾನ್ಯ ಸ್ಲೈಡ್ ಸೋಡಾ-ಲೈಮ್ ಗಾಜು. ಅದರಲ್ಲಿರುವ ಸೋಡಿಯಂ 450 ಡಿಗ್ರಿಯಲ್ಲಿ ಮೇಲಕ್ಕೆ ಸರಿದು ಟೈಟಾನಿಯಾ ಪದರದೊಳಗೆ ಸೇರುತ್ತದೆ. ಅನಾಟೇಸ್ ಸರಿಯಾಗಿ ಹರಳುಗಟ್ಟುವುದಿಲ್ಲ, ಬೆಳಕು ಬಿದ್ದಾಗ ಪದರ ಬಣ್ಣದ ದ್ರಾವಣವನ್ನು ತಿಳಿಯಾಗಿಸುತ್ತದೆಯೇ ಎಂದು ನೋಡುವ ಬಣ್ಣ ಕಳೆಯುವ ಪರೀಕ್ಷೆ ಮಾಡಿದರೆ ಫಲಿತಾಂಶ ಸಪ್ಪೆ. ಪದರ ನೋಡಲು ಚೆನ್ನಾಗಿದ್ದೂ ಕೆಲಸ ಮಾಡದಿದ್ದರೆ ಇದನ್ನು ಅನುಮಾನಿಸಿ. ಬೋರೊಸಿಲಿಕೇಟ್ ಗಾಜು ಬಳಸಿ, ಅಥವಾ ಮೊದಲು ಟಿಇಓಎಸ್‌ನಿಂದ ಒಂದು ಸಿಲಿಕಾ ಪದರ ಕೊಟ್ಟು ಸೋಡಿಯಂ ಅನ್ನು ತಡೆಯಿರಿ.

ಇನ್ನು ಈ ದಾರಿಯನ್ನೇ ಯಾಕೆ ಅನ್ನುವ ಪ್ರಶ್ನೆ. ನಿಮಗೆ ಬೇಕಾದದ್ದು ಬರೀ ಟೈಟಾನಿಯಾ ಪುಡಿಯಾಗಿದ್ದರೆ ಬೇಕಾಗಿಯೇ ಇರಲಿಲ್ಲ. ಆ ಬಿಳಿ ಮುದ್ದೆಯನ್ನೇ ತೊಳೆದು, ಒಣಗಿಸಿ, 450 ಡಿಗ್ರಿಯಲ್ಲಿ ಸುಟ್ಟಿದ್ದರೆ ಒಳ್ಳೆಯ ಅನಾಟೇಸ್ ಪುಡಿ ಸಿಗುತ್ತಿತ್ತು. ಲೇಪಕ್ಕೆ ಮಾತ್ರ ಲೆಕ್ಕ ಬೇರೆ. ಗುರಿ ಎಂಬ ತಟ್ಟೆಗೆ ಅಯಾನುಗಳಿಂದ ಹೊಡೆದು ಅದರ ಪರಮಾಣುಗಳನ್ನು ಗಾಜಿನ ಮೇಲೆ ಕೂರಿಸುವ ಸ್ಪಟರಿಂಗ್ ಮಾಡಲು ನಿರ್ವಾತ ಬೇಕು, ದುಬಾರಿ ಯಂತ್ರ ಬೇಕು, ಗುರಿಯ ಎದುರಿಗಿರುವ ಮೈಗೆ ಮಾತ್ರ ಲೇಪ ಬೀಳುತ್ತದೆ. ಅದ್ದುವುದಾದರೆ ಹಾಳೆಯ ಎರಡೂ ಮುಖ, ಕೊಳವೆಯ ಒಳಮೈ, ಬಾಗಿದ ಗಾಜು ಎಲ್ಲವೂ ಒಂದೇ ಸಲ. ಜರ್ಮನಿಯ ಯೇನಾದಲ್ಲಿ ಶಾಟ್ ಗಾಜಿನ ಕಾರ್ಖಾನೆಯ ಗೆಫ್ಕೆನ್ ಮತ್ತು ಬರ್ಗರ್ 1939ರಲ್ಲೇ ಇಂಥ ಆಕ್ಸೈಡ್ ಲೇಪಕ್ಕೆ ಪೇಟೆಂಟ್ ಪಡೆದದ್ದು ಈ ಅನುಕೂಲ ಕಂಡೇ.

ಎರಡು ಮೂರು ಲೋಹಗಳಿರುವ ಸೆರಾಮಿಕ್‌ಗಳಲ್ಲಿ ಲಾಭ ಇನ್ನೂ ಜಾಸ್ತಿ. ಲೇಸರ್‌ಗಳಲ್ಲಿ ಬಳಸುವ ಇಟ್ರಿಯಂ ಅಲ್ಯೂಮಿನಿಯಂ ಗಾರ್ನೆಟ್ ತೆಗೆದುಕೊಳ್ಳಿ. ಎರಡು ಆಕ್ಸೈಡ್ ಪುಡಿಗಳನ್ನು ಅರೆದು ಸುಟ್ಟರೆ ಶುದ್ಧ ಗಾರ್ನೆಟ್ ಬರಲು 1600 ಡಿಗ್ರಿಯ ಹತ್ತಿರ ಹೋಗಬೇಕು, ಏಕೆಂದರೆ ಒಂದೊಂದು ಕಣವೂ ಮೈಕ್ರಾನ್ ದಪ್ಪ, ಅಯಾನುಗಳು ಗಟ್ಟಿ ಪದಾರ್ಥದೊಳಗೆ ಅಷ್ಟು ದೂರ ನಡೆಯಬೇಕು. ದ್ರವದಲ್ಲೇ ಬೆರೆತು ಬಂದ ಜೆಲ್‌ನಲ್ಲಿ ಇಟ್ರಿಯಂ ಪಕ್ಕದಲ್ಲೇ ಅಲ್ಯೂಮಿನಿಯಂ ಇರುತ್ತದೆ, 900-1000 ಡಿಗ್ರಿಗೇ ಗಾರ್ನೆಟ್ ಸಿದ್ಧ. ಆದರೆ ಹೀಗೆ ಬೆರೆಯುವುದು ತಾನಾಗಿ ಆಗುವುದಿಲ್ಲ. ಟಿಇಓಎಸ್ ಮತ್ತು ಟೈಟಾನಿಯಂ ಐಸೊಪ್ರೊಪಾಕ್ಸೈಡನ್ನು ಒಟ್ಟಿಗೆ ಹಾಕಿ ನೀರು ಸುರಿದರೆ ಟೈಟಾನಿಯಾ ಮುಂಚೆಯೇ ಬೇರೆಯಾಗಿ ಕೂತಿರುತ್ತದೆ, ಸಿಲಿಕಾ ಇನ್ನೂ ಏಳುತ್ತಿರುತ್ತದೆ. ಹಾಗಾಗಿ ನಿಧಾನದ ಟಿಇಓಎಸ್‌ಗೆ ಮೊದಲು ಸ್ವಲ್ಪ ನೀರು ಕೊಟ್ಟು, ಅದರ OH ಗುಂಪುಗಳು ತಯಾರಾದ ಮೇಲೆ ಟೈಟಾನಿಯಂ ಸೇರಿಸುತ್ತಾರೆ.

ನಮ್ಮಲ್ಲಿ ಹಲವರು ಇದನ್ನು ಬೆಂಗಳೂರಿನ ಐಐಎಸ್‌ಸಿಯಲ್ಲಿ ಕೆ. ಸಿ. ಪಾಟೀಲರ ತಂಡ 1980ರ ದಶಕದಲ್ಲಿ ಬೆಳೆಸಿದ ದಹನ ವಿಧಾನದ ಜೊತೆ ಬೆರೆಸಿಬಿಡುತ್ತಾರೆ. ಅಲ್ಲಿ ಲೋಹದ ನೈಟ್ರೇಟ್ ಮತ್ತು ಯೂರಿಯಾವನ್ನು 500 ಡಿಗ್ರಿಯ ಫರ್ನೇಸ್‌ಗೆ ಹಾಕಿದರೆ ಕೆಲವೇ ನಿಮಿಷಗಳಲ್ಲಿ ಹತ್ತಿ ಉರಿದು ಆಕ್ಸೈಡ್ ಪುಡಿ ಬರುತ್ತದೆ. ಪುಡಿಗೆ ಅದು ಅಗ್ಗ, ಬೇಗ. ನಿಮ್ಮ ತೆಳು ಲೇಪಕ್ಕೆ ಅದು ಬದಲಿಯಾಗುವುದಿಲ್ಲ.

ಸೋಲ್-ಜೆಲ್ ಬೇಡದ ಕಡೆಗಳೂ ಇವೆ. ಬೆರಳು ದಪ್ಪದ ಗಟ್ಟಿ ಬೇಕೆಂದರೆ ಒಣಗಿಸಲು ವಾರಗಟ್ಟಲೆ ಬೇಕು, ಆದರೂ ಒಡೆಯಬಹುದು. ಸವೆತ ತಡೆಯಲು ನೂರಾರು ಮೈಕ್ರಾನ್ ದಪ್ಪದ ಲೇಪ ಬೇಕಾದರೆ ಪ್ಲಾಸ್ಮಾ ಸ್ಪ್ರೇ ಸರಿ. 450 ಡಿಗ್ರಿಗೆ ಸುಟ್ಟ ಟೈಟಾನಿಯಾ ಪೂರ್ತಿ ಬಿಗಿಯಾಗಿರುವುದೂ ಇಲ್ಲ. ಗಟ್ಟಿ ಅನಾಟೇಸ್‌ನ ವಕ್ರೀಭವನ ಸೂಚ್ಯಂಕ 2.5ರ ಹತ್ತಿರ, ನಿಮ್ಮ ಪದರದಲ್ಲಿ ಸಿಗುವುದು 2.0ರಿಂದ 2.2. ಆ ವ್ಯತ್ಯಾಸ ಉಳಿದ ರಂಧ್ರಗಳದ್ದು. ಬಣ್ಣ ಕಳೆಯುವ ಪರೀಕ್ಷೆಗೆ ರಂಧ್ರ ಇದ್ದರೇ ಒಳ್ಳೆಯದು, ಕನ್ನಡಿ ಮಾಡಲು ಹೊರಟವರಿಗೆ ತೊಂದರೆ.

ಮುಂದೆ ಹರಳಾಗಿದೆಯೇ ಎಂದು ನೋಡಲು ಎಕ್ಸ್-ರೇ ಪರೀಕ್ಷೆಗೆ ಕಳಿಸುವಾಗ ಇದು ನೆನಪಿರಲಿ: ಒಂದು ಅದ್ದಿನ 50 ನ್ಯಾನೊಮೀಟರ್ ಪದರವನ್ನು ಮಾಮೂಲಿ ಪುಡಿ ಎಕ್ಸ್‌ಆರ್‌ಡಿಯಲ್ಲಿ ಇಟ್ಟರೆ ಗಾಜಿನ ಅಗಲವಾದ ಉಬ್ಬೇ ಕಾಣುತ್ತದೆ, 25.3 ಡಿಗ್ರಿಯ ಅನಾಟೇಸ್ ಗೆರೆ ಅದರಲ್ಲಿ ಮುಳುಗಿಹೋಗುತ್ತದೆ. ಹರಳಾಗಿಲ್ಲ ಅಂತ ಇನ್ನೂ 100 ಡಿಗ್ರಿ ಏರಿಸಲು ಹೋಗಬೇಡಿ, ಸೋಡಾ-ಲೈಮ್ ಸ್ಲೈಡ್ ಬಾಗುತ್ತದೆ. ಎಕ್ಸ್-ರೇಯನ್ನು ಒಂದು ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಸವರಿ ಹೋಗುವಂತೆ ಬಿಡುವ ಸೌಲಭ್ಯ ಇರುವ ಕಡೆ ಕೇಳಿ, ಅಥವಾ ಮೂರು ನಾಲ್ಕು ಪದರ ಕೊಟ್ಟ ಸ್ಲೈಡ್ ಕಳಿಸಿ. ಉಳಿದ ಸೋಲನ್ನು ಒಣಗಿಸಿ, ಅದೇ ಫರ್ನೇಸ್‌ನಲ್ಲಿ ಸ್ಲೈಡಿನ ಪಕ್ಕದಲ್ಲೇ ಸುಟ್ಟ ಪುಡಿಯನ್ನೂ ಜೊತೆಗೆ ಕಳಿಸಬಹುದು. ಆದರೆ ಪುಡಿಯಲ್ಲಿ ಗೆರೆ ಚೆನ್ನಾಗಿ ಬಂತು ಅಂದಮಾತ್ರಕ್ಕೆ ಸೋಡಿಯಂ ಇರುವ ಗಾಜಿನ ಮೇಲಿನ ಪದರವೂ ಹಾಗೇ ಹರಳಾಗಿದೆ ಅಂತ ವರದಿಯಲ್ಲಿ ಬರೆಯಬೇಡಿ.